ಶೇ 5ಕ್ಕಿಂತ ಶೇ 2 ದೊಡ್ಡದಾಗಿದ್ದು ಹೇಗೆ? ಕ್ರೆಡಿಟ್ ಕಾರ್ಡ್ ಮಿನಿಮಮ್ ಡ್ಯೂ ಒಳಗಿನ ಲೆಕ್ಕ

2025ರ ಜುಲೈ 15ರಿಂದ ಎಸ್‌ಬಿಐ ಕಾರ್ಡ್ ತನ್ನ ಮಿನಿಮಮ್ ಡ್ಯೂ, ಅಂದರೆ ಗಡುವಿನೊಳಗೆ ಕಟ್ಟಲೇಬೇಕಾದ ಕನಿಷ್ಠ ಮೊತ್ತ, ಲೆಕ್ಕ ಹಾಕುವ ರೀತಿಯನ್ನು ಬದಲಿಸಿತು. ಹೊಸ ಲೆಕ್ಕದಲ್ಲಿ ಜಿಎಸ್‌ಟಿ ಪೂರ್ತಿ ಸೇರುತ್ತದೆ. ಇಎಂಐ ಕಂತು, ಶುಲ್ಕ, ಬಡ್ಡಿ ಕೂಡ ಪೂರ್ತಿ ಸೇರುತ್ತವೆ. ಲಿಮಿಟ್ ದಾಟಿ ಖರ್ಚು ಮಾಡಿದ್ದರೆ ಆ ಹೆಚ್ಚುವರಿ ಹಣವೂ ಸೇರುತ್ತದೆ. ಇಷ್ಟೆಲ್ಲ ಕೂಡಿಸಿದ ಮೇಲೆ ಉಳಿದ ಬಾಕಿಯ ಶೇ 2.

ಗೊಂದಲ ಶುರುವಾಗುವುದು ಈ ಶೇ 2ರಲ್ಲಿ. ಮಿನಿಮಮ್ ಡ್ಯೂ ಅಂದರೆ ಬಾಕಿಯ ಶೇ 5 ಅನ್ನೋದು ಕಾರ್ಡ್ ಇಟ್ಟುಕೊಂಡವರಿಗೆಲ್ಲ ಬಾಯಿಪಾಠ. ಐದು ಹೋಗಿ ಎರಡು ಬಂದರೆ ಕಟ್ಟುವ ಹಣ ಕಡಿಮೆಯಾಗಬೇಕಲ್ವಾ? ಆದರೆ ಪತ್ರಿಕೆಗಳು ಮಿನಿಮಮ್ ಡ್ಯೂ ಜಾಸ್ತಿಯಾಗುತ್ತದೆ ಎಂದು ಬರೆದವು. ತಮಾಷೆ ಏನೆಂದರೆ ಎರಡೂ ನಿಜ. ಕೆಲವರಿಗೆ ಕಡಿಮೆಯಾಗುತ್ತದೆ, ಕೆಲವರಿಗೆ ಜಾಸ್ತಿಯಾಗುತ್ತದೆ. ಎಷ್ಟೋ ಸಲ ಒಬ್ಬರಿಗೇ ಮೊದಲ ತಿಂಗಳು ಕಡಿಮೆಯಾಗಿ, ಎರಡನೇ ತಿಂಗಳು ನಾಲ್ಕು ಪಟ್ಟು ಏರುತ್ತದೆ. ಅದು ಹೇಗೆ ಅಂತ ನೋಡಲು ಒಂದು ಬಿಲ್ಲನ್ನೇ ಬಿಡಿಸಿ ನೋಡಬೇಕು.

## ನೂರು ರೂಪಾಯಿಯ ಲೆಕ್ಕ

ನಮ್ಮಲ್ಲಿ ಹಲವು ಕಾರ್ಡ್‌ಗಳ ಬಡ್ಡಿ ತಿಂಗಳಿಗೆ ಶೇ 3.5ರಿಂದ 3.75ರ ಆಸುಪಾಸಿನಲ್ಲಿದೆ. ವರ್ಷಕ್ಕೆ ಲೆಕ್ಕ ಹಾಕಿದರೆ ಶೇ 42ರಿಂದ 45. ತಿಂಗಳ ಲೆಕ್ಕದಲ್ಲಿ ಹೇಳಿದಾಗ ಇದು ಸಣ್ಣದಾಗಿ ಕಾಣುತ್ತದೆ, ಅಷ್ಟೇ.

ಶೇ 3.5ನ್ನೇ ಇಟ್ಟುಕೊಳ್ಳೋಣ. 100 ರೂಪಾಯಿ ಬಾಕಿ ಇದ್ದರೆ ತಿಂಗಳಿಗೆ ಮೂರೂವರೆ ರೂಪಾಯಿ ಬಡ್ಡಿ. ಕಾರ್ಡ್ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ಇದೆ, ಅದು 63 ಪೈಸೆ. ಒಟ್ಟು 4 ರೂಪಾಯಿ 13 ಪೈಸೆ. ನೀವು ಮಿನಿಮಮ್ ಅಂತ 5 ರೂಪಾಯಿ ಕಟ್ಟಿದಿರಿ ಅನ್ನಿ. ಅದರಲ್ಲಿ 4 ರೂಪಾಯಿ 13 ಪೈಸೆ ಬಡ್ಡಿಗೂ ತೆರಿಗೆಗೂ ಹೋಯಿತು. ಸಾಲದ ಅಸಲಿಗೆ ಜಮೆಯಾದದ್ದು ಬರೀ 87 ಪೈಸೆ. ಬಡ್ಡಿ ಶೇ 3.75 ಆಗಿದ್ದರೆ ಅದು 57 ಪೈಸೆಗೆ ಇಳಿಯುತ್ತದೆ.

ಅಂದರೆ ಹಳೆಯ ಶೇ 5ರ ಒಳಗೆ ಬಡ್ಡಿಯೂ ಇತ್ತು. ಹೊಸ ಶೇ 2 ಬಡ್ಡಿಯ ಹೊರಗಿದೆ. ಬಡ್ಡಿ, ತೆರಿಗೆ ಎಲ್ಲ ಬೇರೆಯಾಗಿ ಕಟ್ಟಿ, ಅದರ ಮೇಲೆ ಎರಡು ರೂಪಾಯಿ ಅಸಲಿಗೆ. ಅದೇ 100 ರೂಪಾಯಿಗೆ ಈಗ 4.13ಕ್ಕೆ 2 ಸೇರಿ 6 ರೂಪಾಯಿ 13 ಪೈಸೆ ಕಟ್ಟಬೇಕು. ಐದಕ್ಕಿಂತ ಎರಡು ದೊಡ್ಡದಾಗಿದ್ದು ಹೀಗೆ.

## ಒಂದು ಲ್ಯಾಪ್‌ಟಾಪ್, ಎರಡು ಬಿಲ್

ಈಗ ನಿಜವಾದ ದಿನಾಂಕಗಳಿಟ್ಟು ನೋಡೋಣ. ಪ್ರತಿ ತಿಂಗಳು 12ಕ್ಕೆ ಬಿಲ್ ಆಗುವ ಕಾರ್ಡ್. ಬಡ್ಡಿ ತಿಂಗಳಿಗೆ ಶೇ 3.5. ಜೂನ್ 20ರಂದು 50,000 ರೂಪಾಯಿಯ ಲ್ಯಾಪ್‌ಟಾಪ್ ಖರೀದಿ. ಬೇರೆ ಖರ್ಚಿಲ್ಲ, ಹಳೆಯ ಬಾಕಿಯೂ ಇಲ್ಲ. ಜುಲೈ 12ಕ್ಕೆ ಬಿಲ್ ಬಂತು. ಕಟ್ಟಲು ಕೊನೆಯ ದಿನ ಆಗಸ್ಟ್ 1.

ಆ ಬಿಲ್ಲಿನಲ್ಲಿ ಬಡ್ಡಿ ಸೊನ್ನೆ. ಆಗಸ್ಟ್ 1ರೊಳಗೆ ಪೂರ್ತಿ 50,000 ಕಟ್ಟಿದರೆ ಕಥೆ ಮುಗಿಯಿತು, ಒಂದು ಪೈಸೆ ಬಡ್ಡಿ ಇಲ್ಲ. 42 ದಿನ ಪುಕ್ಕಟೆ ಸಾಲ ಸಿಕ್ಕಂತೆ.

ಮಿನಿಮಮ್ ಡ್ಯೂ ಎಷ್ಟು ಇರುತ್ತದೆ? ಶೇ 5ರ ಕಾರ್ಡ್‌ನಲ್ಲಿ 2,500. ಶೇ 2ರ ಕಾರ್ಡ್‌ನಲ್ಲಿ ಬರೀ 1,000, ಯಾಕೆಂದರೆ ಸೇರಿಸಲು ಬಡ್ಡಿಯೇ ಇನ್ನೂ ಹುಟ್ಟಿಲ್ಲ. ಮೊದಲ ಬಿಲ್ಲಿನಲ್ಲಿ ಹೊಸ ಲೆಕ್ಕ ಹಗುರವಾಗಿ ಕಾಣುವುದು ಇದೇ ಕಾರಣಕ್ಕೆ. 50,000ದ ಸಾಮಾನು ಮನೆಗೆ ಬಂದಿದೆ, ಈ ತಿಂಗಳು 1,000 ಕೊಟ್ಟರೆ ಸಾಕು ಅನ್ನುತ್ತದೆ ಬಿಲ್. ಯಾರಿಗೆ ಬೇಡ?

ಸರಿ, ಆಗಸ್ಟ್ 1ಕ್ಕೆ 1,000 ಕಟ್ಟಲಾಯಿತು. ಈಗ ಬಡ್ಡಿ ಎಲ್ಲಿಂದ ಶುರು? ಬಹಳ ಜನ ಆಗಸ್ಟ್ 1ರಿಂದ ಅಂದುಕೊಂಡಿರುತ್ತಾರೆ. ಅಲ್ಲ. ಪೂರ್ತಿ ಹಣ ಕಟ್ಟದೇ ಹೋದರೆ ಆ ಪುಕ್ಕಟೆ ಅವಧಿಯೇ ರದ್ದು. ಬಡ್ಡಿ ಹಿಂದಕ್ಕೆ ಹೋಗಿ, ಲ್ಯಾಪ್‌ಟಾಪ್ ಕೊಂಡ ಜೂನ್ 20ರಿಂದ ಲೆಕ್ಕವಾಗುತ್ತದೆ. ಅದೂ ಉಳಿದ 49,000ಕ್ಕಲ್ಲ. ಜೂನ್ 20ರಿಂದ ಆಗಸ್ಟ್ 1ರವರೆಗೆ 42 ದಿನ ಪೂರ್ತಿ 50,000ಕ್ಕೆ ಬಡ್ಡಿ, ಅದು 2,416 ರೂಪಾಯಿ. ಆಮೇಲೆ ಮುಂದಿನ ಬಿಲ್ಲಿನವರೆಗೆ 11 ದಿನ 49,000ಕ್ಕೆ ಬಡ್ಡಿ, ಅದು 620. ಎರಡೂ ಸೇರಿ 3,036. ಇದಕ್ಕೆ ಜಿಎಸ್‌ಟಿ 547.

ಆಗಸ್ಟ್ 12ರ ಬಿಲ್ ಬರುತ್ತದೆ: ಒಟ್ಟು ಬಾಕಿ ಸುಮಾರು 52,583. ಸಾವಿರ ಕಟ್ಟಿದ ಮೇಲೂ ಸಾಲ 50,000ದಿಂದ ಎರಡೂವರೆ ಸಾವಿರ ಮೇಲೆ ಹೋಗಿದೆ. ಮಿನಿಮಮ್ ಡ್ಯೂ ನೋಡಿ: 49,000ದ ಶೇ 2 ಅಂದರೆ 980, ಅದಕ್ಕೆ ಬಡ್ಡಿ ಮತ್ತು ಜಿಎಸ್‌ಟಿ 3,583 ಸೇರಿ 4,563. ಹೋದ ತಿಂಗಳು 1,000, ಈ ತಿಂಗಳು 4,563. ಫೋನಿಗೆ ಬಂದ ಮೆಸೇಜ್ ನೋಡಿ ಬ್ಯಾಂಕ್ ಏನೋ ತಪ್ಪು ಮಾಡಿದೆ ಅಂತ ಕಸ್ಟಮರ್ ಕೇರ್‌ಗೆ ಫೋನ್ ಮಾಡುವುದು ಈ ಹಂತದಲ್ಲಿ. ತಪ್ಪಾಗಿಲ್ಲ. ಜೂನ್ 20ರಿಂದ ಕೂತಿದ್ದ 53 ದಿನದ ಬಡ್ಡಿ ಒಂದೇ ಸಲ ಬಿಲ್ಲಿಗೆ ಇಳಿದಿದೆ.

ಇದೇ ಪುಕ್ಕಟೆ ಅವಧಿ ರದ್ದಾಗುವುದರಿಂದ ಇನ್ನೊಂದು ವಿಚಿತ್ರವೂ ಆಗುತ್ತದೆ. ಮಿನಿಮಮ್ ಬದಲು 45,000 ಕಟ್ಟಿ, ಬರೀ 5,000 ಬಾಕಿ ಉಳಿಸಿದವರಿಗೂ ಆ 42 ದಿನದ 2,416 ತಪ್ಪುವುದಿಲ್ಲ. ಉಳಿದ 5,000ಕ್ಕೆ 11 ದಿನದ ಬಡ್ಡಿ 63, ಜಿಎಸ್‌ಟಿ 446. ಒಟ್ಟು 2,926 ರೂಪಾಯಿ. ಐದು ಸಾವಿರ ಕಡಿಮೆ ಬಿದ್ದದ್ದಕ್ಕೆ ಮೂರು ಸಾವಿರದ ಹತ್ತಿರ ದಂಡ ಕಟ್ಟಿದ ಹಾಗೆ. ಆ 5,000 ಯಾರ ಹತ್ತಿರವಾದರೂ ಹತ್ತು ದಿನಕ್ಕೆ ಕೈಸಾಲ ತಂದು ಬಿಲ್ ಪೂರ್ತಿ ಮಾಡಿದ್ದರೆ ಈ ಹಣ ಉಳಿಯುತ್ತಿತ್ತು.

## ಲೆಕ್ಕ ಬದಲಿಸಿದ್ದು ಯಾಕೆ?

ಇದೇ ಲ್ಯಾಪ್‌ಟಾಪನ್ನು ಬರೀ ಶೇ 5 ಕೇಳುವ ಕಾರ್ಡ್‌ಗೆ ಹಾಕಿ ನೋಡಿ. ಮೊದಲು 2,500 ಕಟ್ಟಿದರೂ ಎರಡನೇ ಬಿಲ್ 51,061 ಆಗುತ್ತದೆ. ಅದರ ಶೇ 5 ಅಂದರೆ 2,553. ಆದರೆ ಆ ಬಿಲ್ಲಿನಲ್ಲಿರುವ ಬಡ್ಡಿ ಮತ್ತು ತೆರಿಗೆಯೇ 3,561. ಮಿನಿಮಮ್ ಪೂರ್ತಿ ಕಟ್ಟಿದರೂ ಆ ತಿಂಗಳ ಬಡ್ಡಿಯೇ ತೀರುವುದಿಲ್ಲ, ಅಸಲಿನ ಮಾತು ದೂರ ಉಳಿಯಿತು.

ಬ್ಯಾಂಕ್ ಹೇಳಿದಷ್ಟು ತಪ್ಪದೇ ಕಟ್ಟಿಯೂ ಸಾಲ ಬೆಳೆಯುತ್ತಾ ಹೋಗುವುದಕ್ಕೆ ಬ್ಯಾಂಕಿನವರ ಭಾಷೆಯಲ್ಲಿ ನೆಗೆಟಿವ್ ಅಮಾರ್ಟೈಸೇಶನ್ ಅನ್ನುತ್ತಾರೆ. ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್ 21ರಂದು ಕಾರ್ಡ್‌ಗಳ ಬಗ್ಗೆ ಹೊರಡಿಸಿದ ಮಾಸ್ಟರ್ ಡೈರೆಕ್ಷನ್ ಇದನ್ನು ಬೇಡ ಅಂದಿತು. ಮಿನಿಮಮ್ ಮೊತ್ತವನ್ನು ಸಾಲ ಹೀಗೆ ಬೆಳೆಯದ ರೀತಿಯಲ್ಲಿ ನಿಗದಿ ಮಾಡಬೇಕು ಎಂಬುದು ಅದರ ನಿಯಮ. ಕಟ್ಟದೆ ಉಳಿದ ಶುಲ್ಕ, ತೆರಿಗೆಗಳನ್ನು ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಹಾಕಬಾರದು ಎಂಬುದು ಅದೇ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂತು.

ಈ ನಿಯಮದ ಜೊತೆ ಇಟ್ಟು ನೋಡಿದರೆ ಹೊಸ ಲೆಕ್ಕದ ಅರ್ಥ ಸಲೀಸು. ಬಡ್ಡಿ, ತೆರಿಗೆ, ಶುಲ್ಕ ಎಲ್ಲವನ್ನೂ ಮಿನಿಮಮ್ ಒಳಗೇ ಹಾಕಿಬಿಟ್ಟರೆ ಬಾಕಿ ಬೆಳೆಯಲು ದಾರಿಯೇ ಇಲ್ಲ. ಮೇಲಿನ ಶೇ 2 ಅಸಲನ್ನು ಸ್ವಲ್ಪವಾದರೂ ಇಳಿಸುತ್ತದೆ. ನಿಮ್ಮ ಕಾರ್ಡ್ ಇನ್ನೂ ಶೇ 5 ಅನ್ನುತ್ತಿದ್ದರೂ ಅದರ ಷರತ್ತುಗಳ ಪುಟ ತೆಗೆದು ನೋಡಿ. ಆ ಐದರ ಜೊತೆ ಬಡ್ಡಿ, ಶುಲ್ಕ, ಇಎಂಐ ಸೇರುತ್ತವೆಯೇ ಎಂಬುದು ಶೇಕಡಾವಾರಿಗಿಂತ ಮುಖ್ಯ.

## ಬೇಗ ಇಳಿಯುತ್ತದೆಯೇ?

ಹಳೆಯದಕ್ಕೆ ಹೋಲಿಸಿದರೆ ಬೇಗ. ಹಾಗಂತ ಬೇಗ ಅಂತಲೂ ಅಲ್ಲ.

ನಮ್ಮ ಲ್ಯಾಪ್‌ಟಾಪ್ ಸಾಲಕ್ಕೇ ಬರೋಣ. ಕಾರ್ಡನ್ನು ಇನ್ನು ಮುಟ್ಟುವುದಿಲ್ಲ, ಪ್ರತಿ ತಿಂಗಳು ಕೇಳಿದ ಮಿನಿಮಮ್ ಮಾತ್ರ ಕಟ್ಟುತ್ತಾರೆ ಅನ್ನಿ. ಬಡ್ಡಿ ಪೂರ್ತಿ ತೀರುತ್ತದೆ, ಅಸಲು ತಿಂಗಳಿಗೆ ಶೇ 2ರಂತೆ ಕರಗುತ್ತದೆ. ಆದರೆ ಆ ಶೇ 2 ಉಳಿದ ಅಸಲಿನ ಮೇಲೆ. ಅಸಲು ಸಣ್ಣದಾದಂತೆ ಕಟ್ಟುವ ಹಣವೂ ಸಣ್ಣದಾಗುತ್ತದೆ. 980, ಆಮೇಲೆ 960, ಆಮೇಲೆ 941. 49,000 ಇದ್ದದ್ದು ಅರ್ಧಕ್ಕೆ ಬರಲು 34 ತಿಂಗಳು ಬೇಕು. ಲ್ಯಾಪ್‌ಟಾಪಿನ ವಾರಂಟಿ ಮುಗಿದಿರುತ್ತದೆ, ಸಾಲ ಅರ್ಧ ಉಳಿದಿರುತ್ತದೆ.

ಅಷ್ಟರಲ್ಲಿ ಎಷ್ಟು ಬಡ್ಡಿ ಹೋಗಿರುತ್ತದೆ? ಪ್ರತಿ ತಿಂಗಳು ಅಸಲಿಗೆ 2 ರೂಪಾಯಿ ಹೋದರೆ ಬಡ್ಡಿ ಮತ್ತು ತೆರಿಗೆಗೆ 4 ರೂಪಾಯಿಗಿಂತ ಜಾಸ್ತಿ ಹೋಗುತ್ತಿದೆ. ಹಾಗಾಗಿ ಸುಮಾರು 24,000 ಅಸಲು ಇಳಿಸಲು ಬಡ್ಡಿ, ತೆರಿಗೆ ಅಂತ 50,000 ದಾಟಿ ಕಟ್ಟಿರುತ್ತಾರೆ. ಲ್ಯಾಪ್‌ಟಾಪಿನ ಬೆಲೆ ಇನ್ನೊಂದು ಸಲ ಕೊಟ್ಟಾಯಿತು, ಇನ್ನೂ ಅರ್ಧ ಬಾಕಿ. ಬರೀ ಶೇ 5ರ ಲೆಕ್ಕದಲ್ಲಿ ಇದೇ ಅರ್ಧಕ್ಕೆ ಬರಲು ಆರು ವರ್ಷ ಹಿಡಿಯುತ್ತಿತ್ತು.

ಇಲ್ಲಿ ಹೆಚ್ಚಿನವರು ಗಮನಿಸದ ಒಂದು ಸಂಗತಿ ಇದೆ. ಸಾಲವನ್ನು ಇಷ್ಟು ಎಳೆಯುವುದರಲ್ಲಿ ಬಡ್ಡಿ ದರದಷ್ಟೇ ಪಾಲು ತಿಂಗಳು ತಿಂಗಳು ಇಳಿಯುವ ಮಿನಿಮಮ್‌ನದ್ದೂ ಇದೆ. ನಮ್ಮ ಉದಾಹರಣೆಯಲ್ಲಿ ಎರಡನೇ ಬಿಲ್ಲಿನ ಮಿನಿಮಮ್ 4,563. ಮೂರನೇ ಬಿಲ್ಲಿಗೆ ಹಿಂದಿನ ಬಡ್ಡಿಯ ಹೊರೆ ತೀರಿರುತ್ತದೆ, ಮಿನಿಮಮ್ ಸುಮಾರು 3,000ಕ್ಕೆ ಇಳಿಯುತ್ತದೆ. ಸದ್ಯ ಉಸಿರು ಬಂತು ಅನಿಸುತ್ತದೆ. ಆದರೆ ಬಿಲ್ ಎಷ್ಟೇ ಕೇಳಲಿ, ತಿಂಗಳಿಗೆ 4,563ನ್ನೇ ಬಿಡದೆ ಕಟ್ಟುತ್ತಾ ಹೋದರೆ ಏನಾಗುತ್ತದೆ? ಅದೇ ಬಡ್ಡಿ ದರ, ಅದೇ ಕಾರ್ಡ್. ಸಾಲ 16 ತಿಂಗಳೊಳಗೆ ಪೂರ್ತಿ ತೀರುತ್ತದೆ. ಒಟ್ಟು ಬಡ್ಡಿ ಮತ್ತು ತೆರಿಗೆ 21,000ದ ಆಸುಪಾಸಿನಲ್ಲಿ ನಿಲ್ಲುತ್ತದೆ. ಬಿಲ್ಲಿನ ಜೊತೆ ತಾನೂ ಇಳಿಯುವುದಕ್ಕೂ ಇಳಿಯದೆ ನಿಲ್ಲುವುದಕ್ಕೂ ಇಷ್ಟು ವ್ಯತ್ಯಾಸ.

ಅಮೆರಿಕದಲ್ಲಿ 2009ರ ಕಾರ್ಡ್ ಕಾಯ್ದೆಯ ಪ್ರಕಾರ ಪ್ರತಿ ಬಿಲ್ಲಿನಲ್ಲೂ ಎರಡು ಸಾಲು ಹಾಕಬೇಕು: ಮಿನಿಮಮ್ ಮಾತ್ರ ಕಟ್ಟಿದರೆ ಈ ಸಾಲ ತೀರಲು ಎಷ್ಟು ಕಾಲ, ಮೂರು ವರ್ಷದಲ್ಲಿ ತೀರಿಸಲು ತಿಂಗಳಿಗೆ ಎಷ್ಟು. ನಮ್ಮಲ್ಲಿ ಬಿಲ್ಲಿನಲ್ಲಿ ಬರುವುದು ಎಲ್ಲರಿಗೂ ಒಂದೇ ಆದ ಎಚ್ಚರಿಕೆಯ ವಾಕ್ಯ. ಮಿನಿಮಮ್ ಮಾತ್ರ ಕಟ್ಟಿದರೆ ಮರುಪಾವತಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಎಳೆಯುತ್ತದೆ, ಚಕ್ರಬಡ್ಡಿ ಬೀಳುತ್ತದೆ ಎಂಬ ಅರ್ಥದ್ದು. ವಾಕ್ಯ ಸರಿಯಾಗಿಯೇ ಇದೆ. ಆದರೆ ಅದರಲ್ಲಿ ನಿಮ್ಮ ಸಾಲದ ಅಂಕಿ ಇಲ್ಲ. ಸಿಗರೇಟ್ ಪ್ಯಾಕಿನ ಮೇಲಿನ ಎಚ್ಚರಿಕೆಯನ್ನು ಎಷ್ಟು ಜನ ಓದುತ್ತಾರೋ ಇದನ್ನೂ ಅಷ್ಟೇ ಜನ ಓದುತ್ತಾರೆ.

## ಶೇ 42 ಬಡ್ಡಿ ಕಾನೂನಿಗೆ ಒಪ್ಪಿಗೆಯೇ?

ಮೀಟರ್ ಬಡ್ಡಿ ಅಂತ ಊರಲ್ಲಿ ಬೈಸಿಕೊಳ್ಳುವವರ ದರಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂಬ ಪ್ರಶ್ನೆ ಸಹಜ. ಈ ಪ್ರಶ್ನೆ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು.

ಕಾರ್ಡ್ ಬಾಕಿಯ ಮೇಲೆ ವರ್ಷಕ್ಕೆ ಶೇ 30ಕ್ಕಿಂತ ಜಾಸ್ತಿ ಬಡ್ಡಿ ಹಾಕುವುದು ಅನುಚಿತ ವ್ಯಾಪಾರ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರ ಜುಲೈನಲ್ಲಿ ಹೇಳಿತ್ತು. ಬ್ಯಾಂಕುಗಳು ಸುಪ್ರೀಂ ಕೋರ್ಟ್‌ಗೆ ಹೋದವು. ಅಡಮಾನವಿಲ್ಲದ ಸಾಲ ಇದು, ಅಪಾಯ ಜಾಸ್ತಿ, ದರ ಮೊದಲೇ ತಿಳಿಸಿರುತ್ತೇವೆ, ಗಡುವಿನೊಳಗೆ ಕಟ್ಟಿದವರಿಗೆ ಬಡ್ಡಿಯೇ ಇಲ್ಲ ಎಂಬ ವಾದ ಅವುಗಳ ಕಡೆ. ಬಿಲ್ ಪೂರ್ತಿ ಕಟ್ಟಲಾಗದವರು ಸಾಮಾನ್ಯವಾಗಿ ಕೈ ಕಟ್ಟಿಹೋದವರು, ಸಣ್ಣ ಅಕ್ಷರದ ಷರತ್ತಿಗೆ ಸಹಿ ಹಾಕಿದ್ದನ್ನು ಒಪ್ಪಿಗೆ ಅನ್ನಲಾಗದು ಎಂಬುದು ಗ್ರಾಹಕರ ಪರ ವಾದ. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆಯೋಗದ ತೀರ್ಪನ್ನು ರದ್ದು ಮಾಡಿತು. ಬಡ್ಡಿ ದರ ರಿಸರ್ವ್ ಬ್ಯಾಂಕ್ ನೋಡಿಕೊಳ್ಳುವ ವಿಷಯ, ಆಯೋಗ ಅದಕ್ಕೆ ಮಿತಿ ಹಾಕುವಂತಿಲ್ಲ ಎಂಬುದು ತೀರ್ಪಿನ ತಿರುಳು. ಬಡ್ಡಿ ವಿಪರೀತ ಎಂಬ ಒಂದೇ ಕಾರಣಕ್ಕೆ ಬ್ಯಾಂಕಿನ ಸಾಲ ವ್ಯವಹಾರವನ್ನು ಕೋರ್ಟ್ ಮತ್ತೆ ತೆರೆಯುವಂತಿಲ್ಲ ಎಂದು ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 21ಎ ಕಲಮು ಕೂಡ ಹೇಳುತ್ತದೆ.

ರಿಸರ್ವ್ ಬ್ಯಾಂಕ್ ಕಾರ್ಡ್ ಬಡ್ಡಿಗೆ ಇಷ್ಟೇ ಇರಬೇಕು ಎಂಬ ಅಂಕಿಯ ಮಿತಿ ಹಾಕಿಲ್ಲ. ವಿಪರೀತ ಇರಬಾರದು, ಸ್ಪಷ್ಟವಾಗಿ ತಿಳಿಸಬೇಕು ಅನ್ನುತ್ತದೆ ಅಷ್ಟೇ. ದರಕ್ಕೆ ಮಿತಿ ಇಲ್ಲದ ಮೇಲೆ ಬಿಗಿ ಮಾಡಲು ಉಳಿದಿದ್ದು ಮಿನಿಮಮ್ ಲೆಕ್ಕ. ಬಡ್ಡಿ ಇಳಿಸುವ ಬದಲು ಕಟ್ಟಿಸಿಕೊಳ್ಳುವ ವೇಗ ಏರಿಸಿದರು ಎಂದು ಇದನ್ನು ಓದಬಹುದು.

## ಹೊಸ ಲೆಕ್ಕದ ಪೆಟ್ಟು ಯಾರಿಗೆ?

ಪೂರ್ತಿ ಬಿಲ್ ಕಟ್ಟುವವರಿಗೆ ಏನೂ ಆಗುವುದಿಲ್ಲ. ಪೆಟ್ಟು ಬೀಳುವುದು ಈಗಾಗಲೇ ದೊಡ್ಡ ಬಾಕಿ ಹೊತ್ತುಕೊಂಡು, ಸಂಬಳ ಬಂದ ದಿನ ಮಿನಿಮಮ್ ಕಟ್ಟಿ ದಿನ ದೂಡುತ್ತಿದ್ದವರಿಗೆ. ಎರಡು ಲಕ್ಷ ಬಾಕಿಗೆ ತಿಂಗಳಿಗೆ 10,000 ಕಟ್ಟುತ್ತಿದ್ದವರು ಈಗ 12,000ಕ್ಕಿಂತ ಮೇಲೆ ಹೊಂದಿಸಬೇಕು. ಆ ಎರಡು ಸಾವಿರ ಹೊಂದದೆ ಹೋದರೆ ಮಿನಿಮಮ್ ತಪ್ಪಿದ ಹಾಗೆ.

ಮಿನಿಮಮ್ ತಪ್ಪುವುದು ಬೇರೆಯೇ ಕಥೆ. ಮಿನಿಮಮ್ ಕಟ್ಟಿದರೆ ಬಡ್ಡಿ ನಿಲ್ಲುವುದಿಲ್ಲ, ಆದರೆ ಖಾತೆ ಸರಿಯಾಗಿದೆ ಎಂದು ಬ್ಯಾಂಕ್ ಲೆಕ್ಕ ಇಡುತ್ತದೆ. ತಡಪಾವತಿ ಶುಲ್ಕ ಬೀಳುವುದಿಲ್ಲ, ಸಿಬಿಲ್‌ಗೆ ಬಾಕಿದಾರ ಅಂತ ಹೋಗುವುದಿಲ್ಲ. ಗಡುವು ದಾಟಿ ಮೂರು ದಿನಕ್ಕಿಂತ ಜಾಸ್ತಿಯಾದರೆ ಇವೆರಡೂ ಶುರು. ಮಿನಿಮಮ್ ಮೊತ್ತ 90 ದಿನದೊಳಗೂ ಪೂರ್ತಿ ಬರದಿದ್ದರೆ ಖಾತೆ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ವಸೂಲಾಗದ ಸಾಲ. ಹಾಗಾಗಿ ಮಿನಿಮಮ್ ಏರಿದಾಗ ಒಂದಿಷ್ಟು ಜನ ಸಾಲದಿಂದ ಬೇಗ ಹೊರಬರುತ್ತಾರೆ, ಇನ್ನೊಂದಿಷ್ಟು ಜನ ಬೇಗ ಬಾಕಿದಾರರಾಗುತ್ತಾರೆ. ಗ್ರಾಹಕರಿಗೆ ಒಳ್ಳೆಯದೋ ಕೆಟ್ಟದ್ದೋ ಎಂಬ ಜಗಳ ಇನ್ನೂ ಮುಗಿಯದಿರುವುದು ಇದಕ್ಕೇ. ಸಾಲ ಅಂತೂ ಇಳಿಯುತ್ತದೆ ಎಂಬ ಕಾರಣಕ್ಕೆ ಹೊಸ ಲೆಕ್ಕವೇ ವಾಸಿ ಅನ್ನಬಹುದು. ಆದರೆ ಮೊದಲ ಬಿಲ್ಲಿನಲ್ಲಿ 1,000 ಅಂತ ತೋರಿಸಿ ಎರಡನೆಯದರಲ್ಲಿ 4,563 ಕೇಳುವುದನ್ನು ಮುಂಚೆಯೇ ಬಿಲ್ಲಿನಲ್ಲಿ ಹೇಳದಿರುವುದು ಮಾತ್ರ ಸರಿಯಲ್ಲ.

ಬಾಕಿ ಇಟ್ಟುಕೊಂಡೇ ಕಾರ್ಡ್ ಉಜ್ಜುವವರಿಗೆ ಇನ್ನೊಂದು ಪೆಟ್ಟು ಕಾಣದಂತೆ ಬೀಳುತ್ತಿರುತ್ತದೆ. ಹಳೆಯ ಬಾಕಿ ಇರುವವರೆಗೆ ಹೊಸ ಖರೀದಿಗೂ ಪುಕ್ಕಟೆ ಅವಧಿ ಇಲ್ಲ. ಇವತ್ತು ತಂದ ದಿನಸಿಗೆ ಇವತ್ತಿನಿಂದಲೇ ಬಡ್ಡಿ. ಬಾಕಿ ತೀರುವವರೆಗೆ ಆ ಕಾರ್ಡ್ ಬೀರುವಿನಲ್ಲಿರಲಿ, ದಿನದ ಖರ್ಚು ಯುಪಿಐನಲ್ಲಿ ನಡೆಯಲಿ ಎಂದು ತಿಳಿದವರು ಹೇಳುವುದು ಅದಕ್ಕೆ. ದೊಡ್ಡ ಬಾಕಿಯನ್ನು ಇಎಂಐಗೆ ಬದಲಿಸಿಕೊಂಡರೆ ಬಡ್ಡಿ ದರ ಸಾಮಾನ್ಯವಾಗಿ ಅರ್ಧಕ್ಕಿಂತ ಕೆಳಗೆ ಬರುತ್ತದೆ. ಪ್ರೊಸೆಸಿಂಗ್ ಶುಲ್ಕ ಮತ್ತು ಬಡ್ಡಿಯ ಮೇಲಿನ ಜಿಎಸ್‌ಟಿ ಸೇರಿಸಿಯೇ ಹೋಲಿಸಿ. ಆದರೆ ಆ ಕಂತು ಪ್ರತಿ ತಿಂಗಳ ಮಿನಿಮಮ್ ಒಳಗೆ ಪೂರ್ತಿಯಾಗಿ ಕೂರುತ್ತದೆ.

## ಪೂರ್ತಿ ಕಟ್ಟಿದ ಮೇಲೂ ಬರುವ ಬಿಲ್

ಕೊನೆಗೊಂದು ಬಿಲ್ ಇದೆ, ಅದು ಎಲ್ಲರನ್ನೂ ರೇಗಿಸುತ್ತದೆ. ನಮ್ಮ ಲ್ಯಾಪ್‌ಟಾಪಿನವರು ಎರಡನೇ ಬಿಲ್ ನೋಡಿ ಗಾಬರಿಯಾಗಿ, ಎಲ್ಲಿಂದಲೋ ಹಣ ಹೊಂದಿಸಿ, ಸೆಪ್ಟೆಂಬರ್ 1ಕ್ಕೆ 52,583ನ್ನೂ ಕಟ್ಟಿಬಿಟ್ಟರು ಅನ್ನಿ. ಬಾಕಿ ಸೊನ್ನೆ. ಆ್ಯಪಿನಲ್ಲೂ ಸೊನ್ನೆ ಕಾಣುತ್ತದೆ. ಸೆಪ್ಟೆಂಬರ್ 12ಕ್ಕೆ ಮತ್ತೆ ಬಿಲ್ ಬರುತ್ತದೆ, ಸುಮಾರು 1,330 ರೂಪಾಯಿ.

ಆಗಸ್ಟ್ 12ರ ಬಿಲ್ಲಿನಲ್ಲಿ ಆಗಸ್ಟ್ 12ರವರೆಗಿನ ಬಡ್ಡಿ ಮಾತ್ರ ಇತ್ತು. ಅಲ್ಲಿಂದ ಸೆಪ್ಟೆಂಬರ್ 1ರವರೆಗೆ 20 ದಿನ 49,000 ಹಾಗೇ ಬಾಕಿ ಇತ್ತಲ್ಲ, ಅದರ ಬಡ್ಡಿ 1,128 ಮತ್ತು ಜಿಎಸ್‌ಟಿ 203. ಪೂರ್ತಿ ಕಟ್ಟಿದ್ದೇನಲ್ಲ ಅಂತ ಈ ಬಿಲ್ಲನ್ನು ಸುಮ್ನೆ ಬಿಟ್ಟರೆ, ಹೊಸ ಲೆಕ್ಕದ ಪ್ರಕಾರ ಬಡ್ಡಿ ಮತ್ತು ತೆರಿಗೆ ಪೂರ್ತಿ ಮಿನಿಮಮ್ ಒಳಗೇ ಇರುವುದರಿಂದ, ಆ 1,330 ಪೂರ್ತಿಯೂ ಮಿನಿಮಮ್ ಡ್ಯೂ. ಗಡುವು ದಾಟಿ ಮೂರು ದಿನ ಕಳೆದರೆ ಅದರ ಮೇಲೆ ತಡಪಾವತಿ ಶುಲ್ಕ.